ವಚನದ ವಿಡಿಯೊ ಸ್ಕ್ರಿಪ್ಟ್‌ನಿಂದ ಕ್ಯಾರೊಸೆಲ್ ಪೋಸ್ಟ್: ಪದೇ ಪದೇ ಕೇಳುವ ಪ್ರಶ್ನೆಗಳು

ವಚನಗಳ ಬಗ್ಗೆ ಒಂದೂವರೆ ಎರಡು ನಿಮಿಷದ ವಿಡಿಯೊ ಮಾಡುವವರು ಅದೇ ಸ್ಕ್ರಿಪ್ಟನ್ನು ಇನ್‌ಸ್ಟಾಗ್ರಾಂನಲ್ಲಿ ಪಕ್ಕಕ್ಕೆ ಸರಿಸಿ ಓದುವ ಪೋಸ್ಟ್ ಆಗಿ ಬದಲಿಸಲು ಹೊರಟಾಗ ನನ್ನನ್ನು ಕೇಳುವ ಪ್ರಶ್ನೆಗಳು ಇಲ್ಲಿವೆ. ಉದಾಹರಣೆಗೆ ಉದ್ದಕ್ಕೂ ಒಂದೇ ವಚನವನ್ನು ಇಟ್ಟುಕೊಂಡಿದ್ದೇನೆ. ಅಕ್ಕಮಹಾದೇವಿಯ ‘ಬೆಟ್ಟದ ಮೇಲೊಂದು ಮನೆಯ ಮಾಡಿ’ ಎಲ್ಲರಿಗೂ ಗೊತ್ತಿರುವ ವಚನ. ಗೊತ್ತಿದೆ ಎಂದುಕೊಂಡೇ ನಾವು ಅದರಲ್ಲಿ ಎಷ್ಟನ್ನು ದಾಟಿಹೋಗುತ್ತೇವೆ ಎಂಬುದು ನನಗೆ ತಿಳಿದದ್ದು ಅದನ್ನು ಸ್ಲೈಡ್‌ಗಳಿಗೆ ಇಳಿಸುವಾಗ.

ಸ್ಕ್ರಿಪ್ಟನ್ನು ಎಂಟು ತುಂಡು ಮಾಡಿ ಎಂಟು ಸ್ಲೈಡ್‌ಗೆ ಅಂಟಿಸಿದರೆ ಸಾಲದೇ?

ಸಾಲುವುದಿಲ್ಲ. ನಾನು ಮೊದಲು ಮಾಡಿದ್ದು ಅದನ್ನೇ. ಓದಿದವರಿಗೆ ಯಾರೋ ಮಾತನಾಡುತ್ತಿರುವಾಗ ಧ್ವನಿ ಅಡಗಿಸಿ ಬರೀ ಬಾಯಿ ನೋಡಿದ ಹಾಗೆ ಆಗಿತ್ತು.

ಮಾತಿನಲ್ಲಿ ಅರ್ಥದ ಅರ್ಧ ಭಾರವನ್ನು ದನಿ ಹೊರುತ್ತದೆ. ‘ಸಂತೆಯೊಳಗೆ’ ಎನ್ನುವಾಗ ಒಂದು ಕ್ಷಣ ನಿಂತು ಹೇಳಿದರೆ ಕೇಳುವವರಿಗೆ ಅಲ್ಲೇನೋ ತಿರುವಿದೆ ಎಂದು ತಿಳಿಯುತ್ತದೆ. ಸ್ಲೈಡ್‌ನಲ್ಲಿ ಆ ನಿಲುಗಡೆ ಇರುವುದಿಲ್ಲ. ವಿಡಿಯೊದಲ್ಲಿ ಕೇಳುಗರು ಕೈಬಿಟ್ಟು ಹೋಗದಿರಲಿ ಎಂದು ಹೇಳಿದ್ದನ್ನೇ ಮತ್ತೆ ಹೇಳುತ್ತೇವೆ: ‘ಬೆಟ್ಟ ಆಯಿತು, ಸಮುದ್ರ ಆಯಿತು, ಈಗ ಮೂರನೆಯದಕ್ಕೆ ಬರೋಣ.’ ಓದುವವರಿಗೆ ಇದು ಬೇಕಾಗಿಲ್ಲ, ಅವರು ಬೆರಳು ಸರಿಸಿ ಹಿಂದಕ್ಕೆ ಹೋಗಬಲ್ಲರು.

ಹಿಂದಕ್ಕೆ ಹೋಗುವ ಈ ಅನುಕೂಲವೇ ಕ್ಯಾರೊಸೆಲ್‌ನ ನಿಜವಾದ ಬಲ. ವಿಡಿಯೊದಲ್ಲಿ ಅವಸರದಲ್ಲಿ ದಾಟಿಹೋದ ಒಂದು ಪದದ ಮುಂದೆ ಇಲ್ಲಿ ಓದುಗರನ್ನು ನಿಲ್ಲಿಸಬಹುದು. ಸ್ಕ್ರಿಪ್ಟನ್ನು ಕಿರಿದು ಮಾಡುವಾಗ ಏನನ್ನು ಬಿಡಬೇಕು ಎಂದು ನೋಡುವುದರ ಜೊತೆಗೆ, ಯಾವ ಪದಕ್ಕೆ ಇನ್ನಷ್ಟು ಜಾಗ ಕೊಡಬೇಕು ಎಂದೂ ನೋಡಿ.

ಹಾಗಾದರೆ ಎಲ್ಲಿಂದ ಶುರುಮಾಡಬೇಕು?

ಸ್ಕ್ರಿಪ್ಟನ್ನು ಕಾಗದದ ಮೇಲೆ ಮುದ್ರಿಸಿಕೊಳ್ಳಿ, ಮೂರು ಬಣ್ಣದ ಪೆನ್ ತೆಗೆದುಕೊಳ್ಳಿ. ವಚನದ ಮೂಲ ಮಾತುಗಳಿಗೆ ಒಂದು ಬಣ್ಣದ ಅಡಿಗೆರೆ. ಆ ಮಾತುಗಳ ಅರ್ಥ ಹೇಳುವ ವಾಕ್ಯಗಳಿಗೆ ಇನ್ನೊಂದು. ನಿಮಗೆ ಅನಿಸಿದ್ದು, ನಿಮ್ಮ ಅನುಭವ, ಇಂದಿನ ಬದುಕಿಗೆ ನೀವು ಜೋಡಿಸಿದ್ದು ಇವಕ್ಕೆ ಮೂರನೆಯದು. ಸ್ವಾಗತ, ‘ನೋಡಿ’, ‘ಗಮನಿಸಿ’, ‘ಚಾನೆಲ್ ಸಬ್‌ಸ್ಕ್ರೈಬ್ ಮಾಡಿ’ ಇವೆಲ್ಲ ಬಣ್ಣವಿಲ್ಲದೆ ಉಳಿಯುತ್ತವೆ. ಅವನ್ನು ಹೊಡೆದುಹಾಕಿ.

ನನ್ನ 90 ಸೆಕೆಂಡಿನ ಸ್ಕ್ರಿಪ್ಟ್ 190 ಪದಗಳಷ್ಟಿತ್ತು. ಬಣ್ಣ ಹಾಕಿ ಮುಗಿಸಿದಾಗ ನನಗೆ ನಾಚಿಕೆಯಾಯಿತು. ಅರ್ಥದ ಬಣ್ಣ ಬಿದ್ದದ್ದು ಕೇವಲ ನಾಲ್ಕು ವಾಕ್ಯಗಳಿಗೆ. ಉಳಿದದ್ದೆಲ್ಲ ನನ್ನ ಚಿಂತನೆ, ಅದೂ ಅರ್ಥದ ವೇಷ ಹಾಕಿಕೊಂಡಿತ್ತು. ಒಂದೇ ವಾಕ್ಯದ ಮೊದಲರ್ಧ ಅರ್ಥವಾಗಿ, ಉಳಿದರ್ಧ ಚಿಂತನೆಯಾಗಿ ಇರುವುದೂ ಸಾಮಾನ್ಯ. ಅಂಥ ವಾಕ್ಯವನ್ನು ಅಲ್ಲೇ ಎರಡಾಗಿ ಒಡೆಯಿರಿ. ಪೋಸ್ಟ್‌ನ ಮುಂದಿನ ಕೆಲಸವೆಲ್ಲ ಈ ಒಡೆಯುವಿಕೆಯ ಮೇಲೆ ನಿಂತಿದೆ.

ವಚನದ ಪಾಠವನ್ನು ಎಲ್ಲಿಂದ ತೆಗೆದುಕೊಳ್ಳಬೇಕು? ಸ್ಕ್ರಿಪ್ಟ್‌ನಲ್ಲಿ ಇದೆಯಲ್ಲ?

ಸ್ಕ್ರಿಪ್ಟ್‌ನಿಂದ ನಕಲು ಮಾಡಬೇಡಿ. ವಿಡಿಯೊಗಾಗಿ ಬರೆದುಕೊಂಡಾಗ ನಾವು ಬಾಯಿಪಾಠವಾಗಿದ್ದನ್ನು ಬರೆದಿರುತ್ತೇವೆ, ಬಾಯಿಪಾಠ ಹಾಡಿನಿಂದ ಬಂದಿರುತ್ತದೆ. ಹಾಡುವವರು ರಾಗಕ್ಕಾಗಿ ‘ಬೆಟ್ಟದಾ’ ಎಂದು ಎಳೆಯುತ್ತಾರೆ, ಮೊದಲ ಸಾಲಿಗೆ ಮತ್ತೆ ಮತ್ತೆ ಮರಳುತ್ತಾರೆ. ಅದು ಹಾಡಿಗೆ ಸರಿ. ಅಚ್ಚಾದ ಪಠ್ಯವನ್ನೇ ನೋಡಿ. ಕರ್ನಾಟಕ ಸರ್ಕಾರ ಹೊರತಂದ ಸಮಗ್ರ ವಚನ ಸಂಪುಟಗಳಲ್ಲಿ ಶಿವಶರಣೆಯರ ವಚನಗಳಿಗೇ ಒಂದು ಸಂಪುಟವಿದೆ. ಗ್ರಂಥಾಲಯ ದೂರವಾದರೆ ಅಂತರ್ಜಾಲದಲ್ಲಿ ‘ವಚನ ಸಂಚಯ’ ತಾಣದಲ್ಲಿ ಒಂದು ಪದ ಕೊಟ್ಟು ಹುಡುಕಬಹುದು.

ಪಾಠಾಂತರ ಸಿಕ್ಕರೆ ಗಾಬರಿಯಾಗಬೇಡಿ. ಈ ವಚನದಲ್ಲಿ ‘ಅಂಜಿದಡೆಂತಯ್ಯಾ’ ಎಂದೂ ‘ಅಂಜಿದೊಡೆಂತಯ್ಯಾ’ ಎಂದೂ ಕಾಣಸಿಗುತ್ತದೆ. ಎರಡಕ್ಕೂ ಅರ್ಥ ಒಂದೇ, ಇಂದಿನ ‘ಅಂಜಿದರೆ ಹೇಗಯ್ಯಾ’. ಒಂದನ್ನು ಆರಿಸಿಕೊಂಡು ಎಲ್ಲ ಕಡೆಯೂ ಅದೇ ರೂಪ ಬಳಸಿ. ಒಂದು ಸಾಲಿನಲ್ಲಿ ‘ದಡೆ’, ಮುಂದಿನ ಸಾಲಿನಲ್ಲಿ ‘ದೊಡೆ’ ಇದ್ದರೆ ಎರಡು ಕಡೆಯಿಂದ ತಂದು ಜೋಡಿಸಿದ್ದೀರಿ ಎಂದು ಬಲ್ಲವರಿಗೆ ಒಡನೆಯೇ ಗೊತ್ತಾಗುತ್ತದೆ.

ಎಷ್ಟು ಸ್ಲೈಡ್ ಇರಬೇಕು? ಯಾವ ಕ್ರಮದಲ್ಲಿ?

ಇನ್‌ಸ್ಟಾಗ್ರಾಂ 2024ರಿಂದ ಒಂದು ಪೋಸ್ಟ್‌ಗೆ 20 ಚಿತ್ರಗಳವರೆಗೆ ಬಿಡುತ್ತದೆ. ಒಂದು ವಚನಕ್ಕೆ ಅಷ್ಟು ಬೇಡ. ನಾನು ಎಂಟರಲ್ಲಿ ಮುಗಿಸಿದೆ: ಮುಖಪುಟ, ವಚನ, ಅರ್ಥಕ್ಕೆ ಮೂರು, ಚಿಂತನೆಗೆ ಎರಡು, ಕೊನೆಯದು ಆಕರ.

ಕ್ರಮದ ವಿಷಯದಲ್ಲಿ ಒಂದು ಮಾತು. ವಿಡಿಯೊದಲ್ಲಿ ನಾನು ಮೊದಲು ಒಂದು ಪ್ರಸಂಗ ಹೇಳಿ, ಕುತೂಹಲ ಹುಟ್ಟಿಸಿ, ನಲವತ್ತನೆಯ ಸೆಕೆಂಡಿಗೆ ವಚನ ಓದುತ್ತಿದ್ದೆ. ಕ್ಯಾರೊಸೆಲ್‌ನಲ್ಲಿ ಆ ಕ್ರಮ ನಿಲ್ಲುವುದಿಲ್ಲ. ನಾಲ್ಕು ಸ್ಲೈಡ್ ಸರಿಸಿದರೂ ವಚನ ಬಾರದಿದ್ದರೆ ಓದುಗರು ಅಲ್ಲೇ ಬಿಡುತ್ತಾರೆ. ಇನ್ನೂ ಒಂದು ಕಾರಣವಿದೆ. ಮುಖಪುಟವನ್ನು ನೋಡಿ ಸರಿಸದೆ ಹೋದವರಿಗೆ ಇನ್‌ಸ್ಟಾಗ್ರಾಂ ಅದೇ ಪೋಸ್ಟನ್ನು ಮತ್ತೊಮ್ಮೆ ತೋರಿಸುವಾಗ ಎರಡನೆಯ ಸ್ಲೈಡನ್ನು ಮುಂದಿಡುವುದುಂಟು. ಅಲ್ಲಿ ವಚನವೇ ಇದ್ದರೆ, ಮುಂದೆ ಒಂದು ಸ್ಲೈಡನ್ನೂ ನೋಡದವರು ಕೂಡ ಅಕ್ಕನ ಮಾತನ್ನು ಓದಿಕೊಂಡು ಹೋಗುತ್ತಾರೆ. ನನಗೆ ಅಷ್ಟೇ ಸಿಕ್ಕರೂ ಸಂತೋಷ.

ವಚನವನ್ನು ಒಂದೇ ಸ್ಲೈಡ್‌ನಲ್ಲಿ ಇಡಬೇಕೇ, ಸಾಲು ಸಾಲಾಗಿ ಒಡೆಯಬಹುದೇ?

ಹಿಡಿಸುವಷ್ಟಿದ್ದರೆ ಒಂದರಲ್ಲೇ ಇಡಿ. ಈ ವಚನ ಹತ್ತು ಹನ್ನೊಂದು ಸಾಲಿನಲ್ಲಿ ಒಂದು ಸ್ಲೈಡ್‌ಗೆ ಸರಿಯಾಗಿ ಕೂರುತ್ತದೆ. ನಾನು ಹೀಗೆ ಇಟ್ಟೆ:

ಬೆಟ್ಟದ ಮೇಲೊಂದು ಮನೆಯ ಮಾಡಿ
ಮೃಗಗಳಿಗಂಜಿದಡೆಂತಯ್ಯಾ?
ಸಮುದ್ರದ ತಡಿಯಲೊಂದು ಮನೆಯ ಮಾಡಿ
ನೊರೆತೆರೆಗಳಿಗಂಜಿದಡೆಂತಯ್ಯಾ?
ಸಂತೆಯೊಳಗೊಂದು ಮನೆಯ ಮಾಡಿ
ಶಬ್ದಕ್ಕೆ ನಾಚಿದಡೆಂತಯ್ಯಾ?
ಚೆನ್ನಮಲ್ಲಿಕಾರ್ಜುನದೇವ ಕೇಳಯ್ಯಾ,
ಲೋಕದೊಳಗೆ ಹುಟ್ಟಿದ ಬಳಿಕ
ಸ್ತುತಿನಿಂದೆಗಳು ಬಂದಡೆ
ಮನದಲ್ಲಿ ಕೋಪವ ತಾಳದೆ
ಸಮಾಧಾನಿಯಾಗಿರಬೇಕು.

ಒಡೆಯಬೇಡಿ ಎನ್ನುವುದಕ್ಕೆ ಮುಖ್ಯ ಕಾರಣ ಅಂಕಿತ. ‘ಚೆನ್ನಮಲ್ಲಿಕಾರ್ಜುನ’ ಎಂಬ ಹೆಸರೇ ಇದು ಅಕ್ಕನ ವಚನ ಎನ್ನುವುದಕ್ಕೆ ಒಳಗಿನ ಸಾಕ್ಷಿ. ಮೂರು ಪ್ರಶ್ನೆಗಳು ಒಂದು ಸ್ಲೈಡ್‌ನಲ್ಲಿ, ಅಂಕಿತವಿರುವ ಭಾಗ ಮುಂದಿನದರಲ್ಲಿ ಇದ್ದರೆ, ಯಾರೋ ಮೊದಲನೆಯದನ್ನು ಮಾತ್ರ ಸ್ಕ್ರೀನ್‌ಶಾಟ್ ತೆಗೆದು ವಾಟ್ಸ್‌ಆ್ಯಪ್‌ಗೆ ಹಾಕುತ್ತಾರೆ. ಹೆಸರೂ ಹೋಯಿತು, ಮೂರು ಪ್ರಶ್ನೆಗಳು ಯಾತಕ್ಕಾಗಿ ಬಂದವೋ ಆ ಮಾತೂ ಹೋಯಿತು.

ಸಾಲನ್ನು ಎಲ್ಲಿ ಮುರಿಯಬೇಕು ಎಂಬುದು ನಿಮ್ಮ ಕೈಯಲ್ಲಿದೆ. ತಾಳೆಗರಿಯ ಓಲೆಗಳಲ್ಲಿ ವಚನಗಳನ್ನು ಸಾಲು ಬಿಡಿಸದೆ ಒಂದೇ ಸಮನೆ ಬರೆಯುತ್ತಿದ್ದರು. ನಾವು ಪುಸ್ತಕದಲ್ಲಿ ಕಾಣುವ ಸಾಲುಗಳು ಸಂಪಾದಕರು ಬಿಡಿಸಿದ್ದು. ಆದ್ದರಿಂದ ಕೊನೆಯ ಉದ್ದ ಸಾಲನ್ನು ನಾನು ‘ತಾಳದೆ’ ಆದ ಮೇಲೆ ಮುರಿದೆ. ‘ಸಮಾಧಾನಿಯಾಗಿರಬೇಕು’ ತಾನೊಂದೇ ನಿಂತಾಗ ಕಣ್ಣೂ ಅಲ್ಲಿ ನಿಲ್ಲುತ್ತದೆ. ಮುರಿಯುವ ಕೆಲಸವನ್ನು ಆ್ಯಪ್‌ಗೆ ಮಾತ್ರ ಬಿಡಬೇಡಿ. ‘ನೊರೆತೆರೆಗಳಿಗಂಜಿದಡೆಂತಯ್ಯಾ’ದಂಥ ಪದ ಪೆಟ್ಟಿಗೆಯ ಅಗಲ ಮೀರಿದರೆ ಅದು ಪದದ ನಡುವೆಯೇ ಕತ್ತರಿಸಿ ಕೆಳಗಿಳಿಸುತ್ತದೆ.

ಅರ್ಥದ ಸ್ಲೈಡ್‌ಗಳಲ್ಲಿ ಏನಿರಬೇಕು?

ಇಡೀ ವಚನವನ್ನು ಹೊಸಗನ್ನಡದಲ್ಲಿ ಮತ್ತೊಮ್ಮೆ ಹೇಳುವುದು ಸುಲಭ: ಬೆಟ್ಟದ ಮೇಲೆ ಮನೆ ಮಾಡಿ ಪ್ರಾಣಿಗಳಿಗೆ ಹೆದರಿದರೆ ಹೇಗೆ, ಸಮುದ್ರದ ದಡದಲ್ಲಿ ಮನೆ ಮಾಡಿ ಅಲೆಗಳಿಗೆ ಹೆದರಿದರೆ ಹೇಗೆ, ಸಂತೆಯಲ್ಲಿ ಮನೆ ಮಾಡಿ ಸದ್ದಿಗೆ ಹೆದರಿದರೆ ಹೇಗೆ. ಇಂಥ ಸ್ಲೈಡ್‌ಗಳನ್ನು ನೀವೂ ನೋಡಿರುತ್ತೀರಿ. ಮೂರನೆಯದು ತಪ್ಪು. ಅಕ್ಕ ಅಲ್ಲಿ ‘ಅಂಜಿದಡೆ’ ಎಂದಿಲ್ಲ, ‘ನಾಚಿದಡೆ’ ಎಂದಿದ್ದಾಳೆ. ಮೃಗಕ್ಕೆ ಅಂಜಿಕೆ, ತೆರೆಗೆ ಅಂಜಿಕೆ, ಸಂತೆಯ ಶಬ್ದಕ್ಕೆ ನಾಚಿಕೆ. ಕ್ರಿಯಾಪದ ಬದಲಾದ ಆ ಜಾಗದಲ್ಲೇ ವಚನ ಬೆಟ್ಟ ಕಡಲುಗಳಿಂದ ಜನರ ನಡುವೆ ಇಳಿಯುತ್ತದೆ, ಮುಂದೆ ಬರುವ ಸ್ತುತಿನಿಂದೆಗೆ ದಾರಿ ಮಾಡುತ್ತದೆ.

ಹಾಗಾಗಿ ಅರ್ಥದ ಸ್ಲೈಡ್‌ನಲ್ಲಿ ಎಲ್ಲವನ್ನೂ ಬಿಡಿಸಿ ಹೇಳುವ ಬದಲು ಓದುಗರು ಎಡವಬಹುದಾದ ಪದಗಳನ್ನು ಮಾತ್ರ ಹಿಡಿಯಿರಿ. ನಾನು ಆರಿಸಿಕೊಂಡದ್ದು ಮೂರು ಜಾಗ, ಪ್ರತಿಯೊಂದಕ್ಕೂ ಒಂದು ಸ್ಲೈಡ್.

ಮೊದಲನೆಯದು ‘ನೊರೆತೆರೆ’. ನೊರೆ ಗೊತ್ತು. ತೆರೆ ಎಂದರೆ ಅಲೆ. ಪರದೆ ಎಂಬ ಅರ್ಥವೇ ಮೊದಲು ಹೊಳೆಯುವ ಎಳೆಯರಿಗೆ ಇದನ್ನು ಹೇಳಲೇಬೇಕು. ಅದೇ ಸ್ಲೈಡ್‌ನಲ್ಲಿ ‘ಅಂಜಿದಡೆಂತಯ್ಯಾ’ ಎಂದರೆ ‘ಅಂಜಿದರೆ ಹೇಗಯ್ಯಾ’ ಎಂದು ಬಿಡಿಸಿದೆ. ಎರಡನೆಯದು ಈಗ ಹೇಳಿದ ನಾಚಿಕೆ.

ಮೂರನೆಯದು ‘ಕೋಪವ ತಾಳದೆ’. ಇಲ್ಲಿ ನಾನೇ ಮುಗ್ಗರಿಸಿದ್ದೆ. ಇಂದಿನ ಬಳಕೆಯಲ್ಲಿ ‘ತಾಳಲಾರೆ’, ‘ನೋವು ತಾಳದೆ ಅತ್ತಳು’ ಎಂದರೆ ಸಹಿಸಲಾಗದೆ ಎಂದೇ ಅರ್ಥ. ಆ ಅರ್ಥದಲ್ಲಿ ಓದಿದರೆ ವಚನ ಕೋಪವನ್ನು ಸಹಿಸಿಕೊಳ್ಳಲಾಗದೆ ಸಮಾಧಾನಿಯಾಗಿರಬೇಕು ಎಂದಂತಾಗುತ್ತದೆ, ಯಾವ ತರ್ಕಕ್ಕೂ ನಿಲುಕುವುದಿಲ್ಲ. ತಾಳು ಎಂಬುದಕ್ಕೆ ಹೊಂದು, ಧರಿಸು ಎಂಬ ಅರ್ಥವೂ ಉಂಟು. ರೂಪ ತಾಳಿದ, ಮೌನ ತಾಳಿದ, ನಿಲುವು ತಾಳಿದ ಎನ್ನುತ್ತೇವಲ್ಲ, ಅದೇ ತಾಳು. ಕೋಪವನ್ನು ಮನಸ್ಸಿನೊಳಗೆ ತಂದುಕೊಳ್ಳದೆ, ತೊಟ್ಟುಕೊಳ್ಳದೆ ಎಂದು ಅಕ್ಕ ಹೇಳುತ್ತಿರುವುದು. ವಿಡಿಯೊದಲ್ಲಿ ನಾನು ಇದನ್ನು ಅರೆಬರೆ ಹೇಳಿ ಮುಂದೆ ಹೋಗಿದ್ದೆ. ಒಬ್ಬ ನಿವೃತ್ತ ಕನ್ನಡ ಮೇಷ್ಟ್ರು ಪತ್ರ ಬರೆದು ತಿದ್ದಿದರು. ಪೋಸ್ಟ್‌ನಲ್ಲಿ ಈ ಒಂದು ಪದಕ್ಕೆ ಇಡೀ ಸ್ಲೈಡ್ ಕೊಟ್ಟೆ. ಆ ಸ್ಲೈಡಿಗಾಗಿಯೇ ಪೋಸ್ಟನ್ನು ಉಳಿಸಿಕೊಂಡೆವು ಎಂದು ಹಲವರು ಬರೆದರು.

ಪ್ರತಿ ಅರ್ಥದ ಸ್ಲೈಡ್‌ನ ತಲೆಯ ಮೇಲೆ ಆ ಸಾಲನ್ನು ಮತ್ತೊಮ್ಮೆ ಹಾಕಿ, ಸ್ವಲ್ಪ ಚಿಕ್ಕ ಅಕ್ಷರದಲ್ಲಿ. ಇಲ್ಲದಿದ್ದರೆ ಓದುಗರು ಮತ್ತೆ ಮತ್ತೆ ಎರಡನೆಯ ಸ್ಲೈಡ್‌ಗೆ ಓಡಬೇಕಾಗುತ್ತದೆ.

ಒಂದು ಭಾಗವನ್ನು ಬದಲಿಸಿ ತೋರಿಸಬಹುದೇ?

ಸಂತೆಯ ಭಾಗವನ್ನೇ ತೆಗೆದುಕೊಳ್ಳೋಣ. ಸ್ಕ್ರಿಪ್ಟ್‌ನಲ್ಲಿ ಇದ್ದದ್ದು ಇದು:

‘ಈಗ ಮೂರನೆಯದಕ್ಕೆ ಬರೋಣ. ಬೆಟ್ಟ ಆಯಿತು, ಸಮುದ್ರ ಆಯಿತು. ಈಗ ಎಲ್ಲಿಗೆ ಬಂದಳು ಅಕ್ಕ? ಸಂತೆಗೆ. ನಿಮ್ಮೂರಿನ ಸಂತೆಯನ್ನು ಒಮ್ಮೆ ನೆನಪಿಸಿಕೊಳ್ಳಿ. ತರಕಾರಿಯವರ ಕೂಗು, ಚೌಕಾಸಿ, ಮಕ್ಕಳ ಅಳು. ಅಂಥ ಜಾಗದ ನಟ್ಟನಡುವೆ ಮನೆ ಮಾಡಿಕೊಂಡು ಅಯ್ಯೋ ಶಬ್ದ ಎಂದರೆ ಹೇಗೆ? ಇಲ್ಲೊಂದು ವಿಶೇಷ ಇದೆ, ಗಮನಿಸಿ. ಮೊದಲ ಎರಡರಲ್ಲಿ ಅಂಜಿಕೆ ಎಂದವಳು ಇಲ್ಲಿ ನಾಚಿಕೆ ಎನ್ನುತ್ತಾಳೆ. ಏಕೆಂದರೆ ಮೃಗ, ತೆರೆ ಇವು ಮೈಗೆ ಅಪಾಯ. ಜನರ ಮಾತು ತಾಗುವುದು ಮಾನಕ್ಕೆ.’

ಮೊದಲ ನಾಲ್ಕು ವಾಕ್ಯ ಹೊಡೆದುಹಾಕಿದೆ. ಸಂತೆಯ ವರ್ಣನೆಯೂ ಹೋಯಿತು. ದನಿಯಲ್ಲಿ ಅದು ಚೆನ್ನಾಗಿತ್ತು, ಆದರೆ ಸಂತೆ ಎಂಬ ಪದ ನೋಡಿದ ಓದುಗರಿಗೆ ಆ ಗದ್ದಲ ತಾನಾಗಿಯೇ ಕೇಳಿಸುತ್ತದೆ. ಉಳಿದದ್ದು ಕೊನೆಯ ಮೂರು ವಾಕ್ಯ. ಅವುಗಳಲ್ಲಿ ‘ಅಂಜಿಕೆ ಎಂದವಳು ನಾಚಿಕೆ ಎನ್ನುತ್ತಾಳೆ’ ಎಂಬುದು ವಚನದಲ್ಲಿ ಕಣ್ಣಿಗೆ ಕಾಣುವ ಸಂಗತಿ. ‘ಮೈಗೆ ಅಪಾಯ, ಮಾನಕ್ಕೆ ತಾಗುವುದು’ ಎಂಬುದು ನಾನು ಕೊಟ್ಟ ಕಾರಣ. ಚೆಂದದ ಕಾರಣವೇ, ನನಗೆ ಅದರಲ್ಲಿ ನಂಬಿಕೆಯೂ ಇದೆ. ಆದರೂ ವಚನ ಅದನ್ನು ಹೇಳಿಲ್ಲ. ಆದ್ದರಿಂದ ನಾಲ್ಕನೆಯ ಸ್ಲೈಡ್‌ನಲ್ಲಿ, ಸಂತೆಯ ಎರಡು ಸಾಲುಗಳ ಕೆಳಗೆ, ಇಷ್ಟನ್ನು ಮಾತ್ರ ಬರೆದೆ:

‘ಬೆಟ್ಟದಲ್ಲಿ ಅಂಜಿಕೆ. ಕಡಲ ತಡಿಯಲ್ಲಿ ಅಂಜಿಕೆ. ಸಂತೆಯಲ್ಲಿ ಮಾತ್ರ ನಾಚಿಕೆ. ಅಕ್ಕ ಇಲ್ಲಿ ಪದ ಬದಲಿಸಿದ್ದಾಳೆ.’

ಮೈ, ಮಾನದ ಮಾತು ಆರನೆಯ ಸ್ಲೈಡ್‌ಗೆ ಹೋಯಿತು. ಅಲ್ಲಿ ‘ನನಗೆ ಹೊಳೆಯುವ ಕಾರಣ ಇದು’ ಎಂದು ಶುರುಮಾಡಿದೆ. ನಡುವೆ ಒಂದು ಸ್ಲೈಡ್‌ನ ಅಂತರ ಬಿದ್ದದ್ದರಿಂದ ಓದುಗರಿಗೂ ತಾವೇ ಕಾರಣ ಹುಡುಕಲು ಜಾಗ ಸಿಕ್ಕಿತು. ಕೆಲವರು ನನಗೆ ಹೊಳೆಯದ ಕಾರಣಗಳನ್ನು ಕಾಮೆಂಟ್‌ನಲ್ಲಿ ಬರೆದರು.

ಅರ್ಥ ಮತ್ತು ಚಿಂತನೆಯನ್ನು ಇಷ್ಟು ಕಟ್ಟುನಿಟ್ಟಾಗಿ ಬೇರೆ ಮಾಡಬೇಕೇ? ಓದುಗರಿಗೆ ಗೊತ್ತಾಗುವುದಿಲ್ಲವೇ?

ಗೊತ್ತಾಗುವುದಿಲ್ಲ. ಇದನ್ನು ನಾನು ಪೆಟ್ಟು ತಿಂದು ಕಲಿತೆ.

ಹಿಂದೆ ಮಾಡಿದ ಒಂದು ಪೋಸ್ಟ್‌ನಲ್ಲಿ ಚಿಂತನೆಯ ಸ್ಲೈಡ್‌ಗೂ ವಚನದ ಸ್ಲೈಡ್‌ಗೂ ಒಂದೇ ಹಿನ್ನೆಲೆ, ಒಂದೇ ಅಕ್ಷರಶೈಲಿ ಇಟ್ಟಿದ್ದೆ. ಕೆಳಗೆ ಅಕ್ಕನ ಚಿತ್ರ. ನಡುವೆ ನಾನೇ ಬರೆದ ಎರಡು ಸಾಲು, ಸ್ವಲ್ಪ ವಚನದ ಲಯದಲ್ಲೇ ಇದ್ದವು. ತಿಂಗಳೊಳಗೆ ಆ ಎರಡು ಸಾಲು ‘ಅಕ್ಕನ ವಚನ’ ಎಂದು ಬಂಧುಗಳ ಗುಂಪೊಂದರಲ್ಲಿ ನನಗೇ ಶುಭೋದಯದ ಸಂದೇಶವಾಗಿ ಬಂತು. ತಿದ್ದಲು ಯಾರನ್ನೆಂದು ಹುಡುಕಲಿ? ಹನ್ನೆರಡನೆಯ ಶತಮಾನದಿಂದ ಓಲೆ, ಬಾಯಿ, ಅಚ್ಚುಗಳನ್ನು ದಾಟಿ ಬಂದ ಮಾತುಗಳ ರಾಶಿಗೆ ನನ್ನ ಸಾಲೊಂದು ಕಳ್ಳದಾರಿಯಲ್ಲಿ ಸೇರಿಕೊಂಡಿತ್ತು. ಅದು ಈಗಲೂ ನನ್ನನ್ನು ಕಾಡುತ್ತದೆ.

ಅಂದಿನಿಂದ ಕೆಲವು ನಿಯಮಗಳನ್ನು ಬಿಡದೆ ಪಾಲಿಸುತ್ತೇನೆ. ವಚನದ ಸ್ಲೈಡ್‌ಗೆ ಒಂದು ಹಿನ್ನೆಲೆ ಬಣ್ಣ, ಚಿಂತನೆಗೆ ಕಣ್ಣಿಗೆ ಹೊಡೆಯುವಷ್ಟು ಬೇರೆ ಬಣ್ಣ. ಚಿಂತನೆಯ ಸ್ಲೈಡ್‌ನ ಮೇಲೆ ‘ನನ್ನ ಚಿಂತನೆ’ ಎಂದು ಬರೆದು ಕೆಳಗೆ ನನ್ನ ಪುಟದ ಹೆಸರು. ಅದರಲ್ಲಿ ವಚನಕಾರರ ಚಿತ್ರ ಇಲ್ಲ, ಉದ್ಧರಣ ಚಿಹ್ನೆ ಇಲ್ಲ, ‘ಅಯ್ಯಾ’ ಇಲ್ಲ, ನಡುಗನ್ನಡದ ಛಾಯೆ ಇಲ್ಲ. ನೇರವಾದ ಇಂದಿನ ಗದ್ಯ ಮಾತ್ರ. ಪ್ರತಿ ಸ್ಲೈಡನ್ನೂ ಬೇರೆಯಾಗಿ ತೆರೆದು, ಇದೊಂದೇ ಯಾರ ಕೈಗಾದರೂ ಸಿಕ್ಕರೆ ಮಾತು ಯಾರದೆಂದು ತಿಳಿಯುತ್ತದೆಯೇ ಎಂದು ನೋಡಿದ ಮೇಲೆಯೇ ಪ್ರಕಟಿಸುತ್ತೇನೆ.

ಚಿಂತನೆಯ ಸ್ಲೈಡ್ ಉಪದೇಶದಂತೆ ಕೇಳಿಸುತ್ತದೆ. ಏನು ಮಾಡಲಿ?

ವಚನ ಈಗಾಗಲೇ ‘ಸಮಾಧಾನಿಯಾಗಿರಬೇಕು’ ಎಂದಿದೆ. ಅದನ್ನೇ ಮತ್ತೆ ‘ನಾವೆಲ್ಲರೂ ಸಮಾಧಾನದಿಂದ ಇರೋಣ’ ಎಂದರೆ ಉಪದೇಶವಾಗದೆ ಇನ್ನೇನಾಗುತ್ತದೆ? ವಚನದಲ್ಲಿ ನಿಮಗೇ ಬಗೆಹರಿಯದ ಒಂದು ಜಾಗ ಹುಡುಕಿ, ಅದನ್ನು ಬರೆಯಿರಿ.

ನನಗೆ ಬಗೆಹರಿಯದ್ದು ‘ಸ್ತುತಿ’. ನಿಂದೆ ಬಂದರೆ ಕೋಪ ಬರುವುದು ಸಹಜ. ಸ್ತುತಿ ಬಂದರೆ ಕೋಪವೇಕೆ? ಎಷ್ಟೋ ಮಂದಿ ಈ ವಚನ ವಿವರಿಸುವಾಗ ಸ್ತುತಿಯನ್ನು ಮೆಲ್ಲಗೆ ಬಿಟ್ಟು ನಿಂದೆಯೊಂದನ್ನೇ ಹಿಡಿಯುತ್ತಾರೆ. ವಿಡಿಯೊದಲ್ಲಿ ನಾನೂ ಹಾಗೇ ಮಾಡಿದ್ದೆ. ಪೋಸ್ಟ್‌ನ ಏಳನೆಯ ಸ್ಲೈಡ್‌ನಲ್ಲಿ ಅದನ್ನೇ ಬರೆದೆ: ‘ಹೊಗಳಿಕೆಗೂ ಕೋಪಕ್ಕೂ ಏನು ನಂಟು? ನನ್ನ ಮಟ್ಟಿಗೆ, ನಿನ್ನೆ ಹೊಗಳಿದವರು ಇಂದು ಸುಮ್ಮನಿದ್ದಾಗ ಬಂದ ಸಿಟ್ಟು ನೆನಪಾಗುತ್ತದೆ. ನಿಮಗೆ?’ ಇಷ್ಟೇ. ಕೊನೆಯ ‘ನಿಮಗೆ?’ ಉತ್ತರ ಗೊತ್ತಿದ್ದು ಕೇಳಿದ ಪ್ರಶ್ನೆ ಆಗಿರಲಿಲ್ಲ, ಹಾಗಾಗಿ ಜನರೂ ಮನಬಿಚ್ಚಿ ಉತ್ತರಿಸಿದರು.

ಎರಡು ಸ್ಲೈಡ್ ಮೀರಿ ಚಿಂತನೆ ಹೇಳಬೇಕು ಎನಿಸಿದರೆ ಅದು ಪ್ರಬಂಧಕ್ಕೆ ಸೇರಿದ್ದು.

ಅಳತೆ ಎಷ್ಟಿರಬೇಕು? ಅಕ್ಷರ ಎಷ್ಟು ದೊಡ್ಡದು?

1080×1350 ಪಿಕ್ಸೆಲ್ ಇಟ್ಟುಕೊಳ್ಳಿ. ಮೊದಲ ಸ್ಲೈಡ್‌ನ ಅಳತೆಯ ಪ್ರಮಾಣವೇ ಉಳಿದವಕ್ಕೂ ಅನ್ವಯವಾಗುವುದರಿಂದ ಎಲ್ಲವೂ ಒಂದೇ ಅಳತೆಯಲ್ಲಿರಲಿ. ನಾಲ್ಕೂ ಕಡೆ 100 ಪಿಕ್ಸೆಲ್ ಅಂಚು ಬಿಡಿ. ನಿಮ್ಮ ಪ್ರೊಫೈಲ್ ಪುಟದ ಚೌಕಟ್ಟಿನಲ್ಲಿ ಮುಖಪುಟದ ಎರಡೂ ಬದಿ ಸ್ವಲ್ಪ ಕತ್ತರಿಸಿ ಕಾಣುತ್ತದೆ, ಆ ಅಂಚು ಅಕ್ಷರಗಳನ್ನು ಕಾಯುತ್ತದೆ. ಬಲಗಡೆ ಮೇಲಿನ ಮೂಲೆಯಲ್ಲಿ ‘1/8’ ಎಂಬ ಎಣಿಕೆ ಬಂದು ಕೂರುತ್ತದೆ, ಅಲ್ಲಿ ಏನನ್ನೂ ಬರೆಯಬೇಡಿ.

ಅಂಚು ಕಳೆದರೆ ಉಳಿಯುವ ಅಗಲ 880. ಅಷ್ಟರಲ್ಲಿ 46ರ ಗಾತ್ರದ ಕನ್ನಡ ಅಕ್ಷರಗಳು ಸಾಲಿಗೆ ಸುಮಾರು ಇಪ್ಪತ್ತು ಹಿಡಿಸುತ್ತವೆ. ‘ಸಮುದ್ರದ ತಡಿಯಲೊಂದು ಮನೆಯ ಮಾಡಿ’ ಹದಿನಾಲ್ಕು ಅಕ್ಷರ, ನಡುವಿನ ಜಾಗವೂ ಸೇರಿ ಸಲೀಸಾಗಿ ಕೂರುತ್ತದೆ. ಗಾತ್ರವನ್ನು 40ಕ್ಕಿಂತ ಕೆಳಗೆ ಇಳಿಸಬೇಡಿ. ಇಳಿಸಬೇಕಾಗಿ ಬಂದರೆ ಮಾತು ಹೆಚ್ಚಾಗಿದೆ ಎಂದು ತಿಳಿಯಿರಿ. ಕಂಪ್ಯೂಟರ್ ಪರದೆಯಲ್ಲಿ ಎಲ್ಲವೂ ದೊಡ್ಡದಾಗಿಯೇ ಕಾಣುತ್ತದೆ. ಚಿತ್ರವನ್ನು ಫೋನಿಗೆ ಕಳುಹಿಸಿಕೊಂಡು, ಮನೆಯಲ್ಲಿ ಕನ್ನಡಕ ಹಾಕುವ ಹಿರಿಯರೊಬ್ಬರ ಕೈಗೆ ಕೊಟ್ಟು ಓದಿಸಿ.

ಕನ್ನಡ ಅಕ್ಷರಗಳು ಒಡೆದು ಬರುತ್ತವೆ, ಒತ್ತುಗಳು ಕತ್ತರಿಸಿಹೋಗುತ್ತವೆ. ಯಾಕೆ?

ಮೂರು ಬೇರೆ ಬೇರೆ ಕಾಯಿಲೆಗಳು, ಲಕ್ಷಣ ನೋಡಿ ಗುರುತಿಸಬಹುದು.

ಅಂಟಿಸಿದ ಕೂಡಲೇ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿ ಕಂಡರೆ ನಿಮ್ಮ ಸ್ಕ್ರಿಪ್ಟ್ ನುಡಿ ಅಥವಾ ಬರಹ ತಂತ್ರಾಂಶದ ಹಳೆಯ ಎನ್‌ಕೋಡಿಂಗ್‌ನಲ್ಲಿದೆ. ಮೊದಲು ಅದನ್ನು ಯೂನಿಕೋಡ್‌ಗೆ ಪರಿವರ್ತಿಸಿ, ಆಮೇಲೆ ಅರ್ಕಾವೊತ್ತು ಮತ್ತು ಒತ್ತಕ್ಷರಗಳನ್ನು ಕಣ್ಣಿಟ್ಟು ನೋಡಿ. ಪರಿವರ್ತನೆಯಲ್ಲಿ ಹೆಚ್ಚಾಗಿ ಕೆಡುವುದು ಅವೇ.

‘ಬೆಟ್ಟ’ದ ಒತ್ತು ಕೆಳಗಿಳಿಯದೆ ಪಕ್ಕದಲ್ಲೇ ನಿಂತು, ನಡುವೆ ಅರ್ಧಾಕ್ಷರದ ಗುರುತು ಕಂಡರೆ ತಂತ್ರಾಂಶ ಕನ್ನಡವನ್ನು ಜೋಡಿಸುತ್ತಿಲ್ಲ. ಫೋಟೊಶಾಪ್‌ನ ಹಳೆಯ ಆವೃತ್ತಿಯಾದರೆ ಅಕ್ಷರಗಳ ಆಯ್ಕೆಗಳಿಗೆ ಹೋಗಿ `World-Ready Layout` ಆರಿಸಿ, ಹೊಸ ಕಡತ ತೆರೆಯಿರಿ.

ಒತ್ತು ಸರಿಯಾಗಿದ್ದು, ಅದರ ಕೆಳಭಾಗ ಮುಂದಿನ ಸಾಲಿನ ತಲೆಕಟ್ಟಿಗೆ ತಾಗುತ್ತಿದ್ದರೆ ಸಾಲಿನ ಅಂತರ ಸಾಲದು. ಇಂಗ್ಲಿಷ್‌ಗೆ ಹೊಂದಿಸಿದ ಸಿದ್ಧ ಮಾದರಿಗಳಲ್ಲಿ ಇದು ಸದಾ ಆಗುವ ತೊಂದರೆ. ಅಂತರವನ್ನು 1.6ರ ಸುಮಾರಿಗೆ ಏರಿಸಿ. ಅಕ್ಷರಗಳ ನಡುವಿನ ಅಂತರವನ್ನು ಮಾತ್ರ ಸೊನ್ನೆಯಲ್ಲೇ ಬಿಡಿ. ಅದನ್ನು ಹಿಗ್ಗಿಸಿದರೆ ದೀರ್ಘದ ಗುರುತು ತನ್ನ ಅಕ್ಷರ ಬಿಟ್ಟು ದೂರ ಹೋಗುತ್ತದೆ. ವಚನಕ್ಕೆ ನಾನು ನೋಟೊ ಸೆರಿಫ್ ಕನ್ನಡ, ಅರ್ಥ ಮತ್ತು ಚಿಂತನೆಗೆ ನೋಟೊ ಸಾನ್ಸ್ ಕನ್ನಡ ಬಳಸುತ್ತೇನೆ. ಎರಡೂ ಉಚಿತ, ಒತ್ತುಗಳು ಚೊಕ್ಕಟವಾಗಿವೆ.

ಮುಖಪುಟದ ಮೇಲೆ ಏನು ಬರೆಯಲಿ?

ವಚನದಲ್ಲೇ ಇರುವ ಪ್ರಶ್ನೆ. ನಾನು ಬರೆದದ್ದು ‘ಸಂತೆಯಲ್ಲಿ ಮನೆ ಮಾಡಿ ಶಬ್ದಕ್ಕೆ ನಾಚುವುದೇ?’, ಕೆಳಗೆ ಚಿಕ್ಕದಾಗಿ ‘ಅಕ್ಕಮಹಾದೇವಿಯ ಒಂದು ವಚನ’. ‘ಈ ವಚನ ನಿಮ್ಮ ಬದುಕನ್ನೇ ಬದಲಿಸುತ್ತದೆ’ ಎಂಬ ಮಾತು ನನಗೆ ಹಿಡಿಸುವುದಿಲ್ಲ. ಅದು ಯಾವ ವಚನದ ಮೇಲೂ ಅಂಟಿಸಬಹುದಾದ ಚೀಟಿ.

ವಿಡಿಯೊದ ಗಾಯನ, ವಾಚನ ಕಳೆದುಹೋಗುತ್ತದಲ್ಲ?

ಒಂದೇ ಪೋಸ್ಟ್‌ನಲ್ಲಿ ಚಿತ್ರಗಳ ನಡುವೆ ವಿಡಿಯೊ ತುಣುಕನ್ನೂ ಸೇರಿಸಬಹುದು. ವಾಚನದ ಇಪ್ಪತ್ತು ಸೆಕೆಂಡನ್ನು ಕತ್ತರಿಸಿ, ಮೇಲೆ ವಚನದ ಅಕ್ಷರಗಳನ್ನೇ ಇಟ್ಟು, ಮೂರನೆಯ ಸ್ಲೈಡ್ ಆಗಿ ಹಾಕಿ. ಬಸ್ಸಿನಲ್ಲಿ ಸದ್ದಿಲ್ಲದೆ ನೋಡುವವರಿಗೂ ಏನೂ ತಪ್ಪುವುದಿಲ್ಲ.

ವಚನಗಳಿಗೆ ಹಕ್ಕುಸ್ವಾಮ್ಯ ಉಂಟೇ? ಕಗ್ಗಕ್ಕೂ ಹೀಗೆ ಮಾಡಬಹುದೇ?

ವಚನಗಳು ಎಲ್ಲರವು. ಆದರೆ ಒಬ್ಬ ವಿದ್ವಾಂಸರು ಬರೆದ ವಚನದ ವಿವರಣೆ ಅವರದು. ಸ್ಕ್ರಿಪ್ಟ್ ಬರೆಯುವಾಗ ಯಾರದೋ ವ್ಯಾಖ್ಯಾನದಿಂದ ಎತ್ತಿಕೊಂಡ ವಾಕ್ಯ ಅರ್ಥದ ಸ್ಲೈಡ್‌ಗೆ ಹಾಗೆಯೇ ಇಳಿಯದಂತೆ ನೋಡಿಕೊಳ್ಳಿ.

ಭಾರತದಲ್ಲಿ ಲೇಖಕರು ತೀರಿಕೊಂಡ ಮುಂದಿನ ವರ್ಷದಿಂದ 60 ವರ್ಷ ಕೃತಿಗೆ ಹಕ್ಕು ಇರುತ್ತದೆ. ಡಿ.ವಿ.ಜಿ. ತೀರಿಕೊಂಡದ್ದು 1975ರಲ್ಲಿ, ಆದ್ದರಿಂದ ಕಗ್ಗದ ಹಕ್ಕು 2035ರ ಕೊನೆಯವರೆಗೆ ಇದೆ. ಕಗ್ಗದ ಪದ್ಯಗಳನ್ನು ಸಾಲಾಗಿ ಪೋಸ್ಟ್ ಮಾಡುವ ಯೋಜನೆ ಇದ್ದರೆ ಹಕ್ಕುದಾರರ ಅನುಮತಿ ಕೇಳುವುದು ಸರಿಯಾದ ದಾರಿ.

ಕ್ಯಾಪ್ಶನ್‌ನಲ್ಲಿ ಏನಿರಬೇಕು?

ಇಡೀ ವಚನವನ್ನು ಅಕ್ಷರರೂಪದಲ್ಲಿ ಹಾಕಿ. ಚಿತ್ರದೊಳಗಿನ ಬರಹವನ್ನು ಕಣ್ಣು ಕಾಣದವರ ಫೋನು ಸರಿಯಾಗಿ ಓದಿ ಹೇಳುತ್ತದೆಂಬ ಭರವಸೆ ಇಲ್ಲ, ಕ್ಯಾಪ್ಶನ್ ಓದುತ್ತದೆ. ಕ್ಯಾಪ್ಶನ್‌ಗೆ ಮಿತಿ 2200 ಚಿಹ್ನೆ, ವಚನ ಮತ್ತು ಅರ್ಥ ಎರಡೂ ಹಿಡಿಸುತ್ತವೆ. ಪ್ರತಿ ಸ್ಲೈಡ್‌ಗೂ `Alt text` ಎಂಬ ಜಾಗವಿದೆ, ಅಲ್ಲಿ ಆಯಾ ಸ್ಲೈಡ್‌ನ ಮಾತುಗಳನ್ನು ತುಂಬಿ. ಹತ್ತು ನಿಮಿಷದ ಕೆಲಸ, ಬಿಡಬೇಡಿ.

ಪ್ರಕಟವಾದ ಮೇಲೆ ಕಾಗುಣಿತ ತಪ್ಪು ಕಂಡರೆ?

ಕ್ಯಾಪ್ಶನ್ ತಿದ್ದಬಹುದು. ಒಂದು ಸ್ಲೈಡನ್ನು ತೆಗೆದುಹಾಕಬಹುದು. ಚಿತ್ರದೊಳಗಿನ ಅಕ್ಷರವನ್ನು ಮಾತ್ರ ತಿದ್ದಲಾಗದು. ತಪ್ಪು ಅರ್ಥದ ಅಥವಾ ಚಿಂತನೆಯ ಸ್ಲೈಡ್‌ನಲ್ಲಿದ್ದರೆ ಕ್ಯಾಪ್ಶನ್‌ನ ಮೊದಲ ಸಾಲಿನಲ್ಲೇ ತಿದ್ದುಪಡಿ ಹಾಕುತ್ತೇನೆ. ತಪ್ಪು ವಚನದಲ್ಲೇ ಇದ್ದರೆ, ಎಷ್ಟೇ ಮೆಚ್ಚುಗೆ ಬಂದಿರಲಿ, ಇಡೀ ಪೋಸ್ಟನ್ನು ಅಳಿಸಿ ಮತ್ತೆ ಹಾಕುತ್ತೇನೆ. ‘ನಾಚಿದಡೆ’ ಎಂಬಲ್ಲಿ ಒಮ್ಮೆ ‘ಅಂಜಿದಡೆ’ ಎಂದೇ ಟೈಪ್ ಮಾಡಿಬಿಟ್ಟಿದ್ದೆ. ಕೈ ಹಿಂದಿನ ಎರಡು ಸಾಲಿನ ಅಭ್ಯಾಸಕ್ಕೆ ಓಡಿತ್ತು. ಅದು ಕಣ್ಣಿಗೆ ಬಿದ್ದದ್ದು ಮೂರು ಗಂಟೆ ಕಳೆದ ಮೇಲೆ, ಆಗಲೇ ಅಳಿಸಿದೆ. ಈಗ ಪ್ರಕಟಿಸುವ ಮುನ್ನ ವಚನದ ಸ್ಲೈಡನ್ನು ಪುಸ್ತಕದ ಪಕ್ಕದಲ್ಲಿಟ್ಟು, ಕೊನೆಯ ಸಾಲಿನಿಂದ ಮೊದಲ ಸಾಲಿನ ಕಡೆಗೆ, ಒಂದೊಂದೇ ಪದ ಓದಿ ತಾಳೆ ನೋಡುತ್ತೇನೆ. ಹಿಂದುಮುಂದಾಗಿ ಓದುವಾಗ ಬಾಯಿಪಾಠ ಅಡ್ಡ ಬರುವುದಿಲ್ಲ.